ರಾತ್ರಿ ರೈಲಿಗೆ ಕಟ್ಟಿದ ಪುಳಿಯೋಗರೆ: ವಾಂತಿ ಮಕ್ಕಳಿಗೆ ಮಾತ್ರ ಯಾಕೆ?

ಪ್ರಶ್ನೆ (ಹಾಸನದ ಗೃಹಿಣಿ): ಮೇಡಂ, ಸೊಲ್ಲಾಪುರ ರೈಲಲ್ಲಿ ಗಾಣಗಾಪುರಕ್ಕೆ ಹೋಗಿದ್ವಿ. ಮಧ್ಯಾಹ್ನ ಹನ್ನೆರಡಕ್ಕೆ ಪುಳಿಯೋಗರೆ ಕಲಸಿ ಸ್ಟೀಲ್ ಡಬ್ಬಿಗೆ ತುಂಬಿದ್ದೆ. ರಾತ್ರಿ ಎಲ್ಲರೂ ತಿಂದ್ವಿ, ಏನೂ ಆಗ್ಲಿಲ್ಲ. ಉಳಿದಿದ್ದನ್ನ ಬೆಳಿಗ್ಗೆ ಏಳಕ್ಕೆ ತಿಂದ ಮೇಲೆ ಒಂಬತ್ತರೊಳಗೆ ಇಬ್ಬರು ಮಕ್ಕಳಿಗೂ ವಾಂತಿ. ದೊಡ್ಡವರಿಗೆ ಏನಿಲ್ಲ. ಹಳಸಿದ ವಾಸನೆಯೂ ಇರಲಿಲ್ಲ. ಪುಳಿಯೋಗರೆ ಕೆಡಲ್ಲ ಅಂತಾರಲ್ಲ?

ಮೇಡಂ (ಆಹಾರ ಸುರಕ್ಷತೆ ಪಾಠ ಮಾಡುವವರು): ಮಕ್ಕಳು ಈಗ ಹೇಗಿದ್ದಾರೆ? ಎಲ್ಲರೂ ತಿಂದಿದ್ದು ಒಂದೇ ಡಬ್ಬಿಯದಾ? ಕಾಯಿ ಹಾಕಿದ್ರಾ?

ಹಾಸನದ ಗೃಹಿಣಿ: ಹುಷಾರಾಗಿದ್ದಾರೆ ಮೇಡಂ. ಖಾರ ಆಗುತ್ತೆ ಅಂತ ಮಕ್ಕಳದ್ದು ಬೇರೆ ಡಬ್ಬಿ, ಗೊಜ್ಜು ಅರ್ಧಕ್ಕರ್ಧ ಕಮ್ಮಿ, ಮೇಲೆ ಹಸಿ ಕಾಯಿತುರಿ. ಎರಡನ್ನೂ ಬಿಸಿಬಿಸಿಯಾಗೇ ಮುಚ್ಚಿದ್ದೆ.

ಚನ್ನರಾಯಪಟ್ಟಣದ ಸದಸ್ಯ: ಆ ರೈಲಲ್ಲಿ ಊಟ ಸಿಗಲ್ವಾ? ನಾವೂ ಮುಂದಿನ ತಿಂಗಳು ಹೋಗೋರಿದ್ದೀವಿ.

ಮೇಡಂ: ಕಾರಣ ಬಹುತೇಕ ಆ ಮಕ್ಕಳ ಡಬ್ಬಿಯಲ್ಲೇ ಇದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಕುದ್ದರೂ ಅವು ಸಾಯಲ್ಲ. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತರೆ ಮೊಳೆತು, ಬೆಳೆದು, ವಿಷ ಬಿಡುತ್ತವೆ. ಅದು ಹೊಟ್ಟೆಗೆ ಹೋದ ಒಂದರಿಂದ ಆರು ಗಂಟೆಯೊಳಗೆ ವಾಂತಿ. ನೀವು ಹೇಳಿದ ಹೊತ್ತು ಇದಕ್ಕೆ ಸರಿಯಾಗಿ ಕೂಡುತ್ತೆ. ವಾಸನೆ, ರುಚಿ ಬದಲಾಗಲೇಬೇಕು ಅಂತಿಲ್ಲ.

ಪುಳಿಯೋಗರೆ ತಡೆಯೋದು ಹುಣಸೆಹುಳಿಯಿಂದ. ಹುಳಿ ಪ್ರತಿ ಅಗುಳಿಗೂ ಹತ್ತಿರಬೇಕು. ಖಾರಕ್ಕೆ ಹೆದರಿ ಗೊಜ್ಜು ಕಮ್ಮಿ ಮಾಡಿದಾಗ ಹುಳಿಯೂ ಕಮ್ಮಿಯಾಯ್ತು, ಅದು ಬರೀ ಬಣ್ಣದ ಅನ್ನ ಅಷ್ಟೆ. ಹಸಿ ಕಾಯಿ ಬೇರೆ ಬೇಗ ಕೆಡೋ ಪದಾರ್ಥ. ಬಿಸಿಯಾಗಿ ಮುಚ್ಚಿದ್ರಿಂದ ಡಬ್ಬಿಯ ನಡುಭಾಗ ಸಂಜೆವರೆಗೂ ಬೆಚ್ಚಗೇ ಇತ್ತು, ಮುಚ್ಚಳದಿಂದ ಆವಿ ನೀರು ತೊಟ್ಟಿಕ್ಕಿತು.

ಮುಂದಿನ ಸಲ ಅನ್ನ ಉದುರುದುರಾಗಿ ಮಾಡಿ, ಅಗಲ ತಟ್ಟೆಯಲ್ಲಿ ಎರಡು ಬೆರಳಿಗಿಂತ ದಪ್ಪ ಇಲ್ಲದ ಹಾಗೆ ಹರಡಿ ಫ್ಯಾನ್ ಕೆಳಗೆ ಆರಿಸಿ. ಅಂಗೈ ಇಟ್ಟರೆ ಬಿಸಿ ತಾಗಬಾರದು. ಆಮೇಲೆ ಗೊಜ್ಜು ಧಾರಾಳವಾಗಿ ಹಾಕಿ, ಒಣ ಚಮಚದಲ್ಲಿ ಕಲಸಿ. ಮಕ್ಕಳಿಗೆ ಗೊಜ್ಜಲ್ಲೇ ಮೆಣಸಿನಕಾಯಿ ಕಮ್ಮಿ ಮಾಡಿ, ಹುಣಸೆ ಕಮ್ಮಿ ಮಾಡಬೇಡಿ. ಕಾಯಿ ಬದಲು ಒಣಕೊಬ್ಬರಿ. ಚಿಕ್ಕ ಡಬ್ಬಿಗಳಿಗೆ ತುಂಬಿ. ಹೊರಡೋ ಮುಂಚೆ ಆದಷ್ಟು ತಡವಾಗಿ ಮಾಡಿ, ರಾತ್ರಿಗೇ ಮುಗಿಸಿ. ಬೆಳಿಗ್ಗೆಗೆ ಅನ್ನವೇ ಬೇಡ. ತರಿ ಮಾಡಿದ ಗಟ್ಟಿ ಅವಲಕ್ಕಿ ಒಂದು ಡಬ್ಬಿ, ಗೊಜ್ಜು ಇನ್ನೊಂದು. ಬಾಟಲಿ ನೀರಲ್ಲಿ ಗೊಜ್ಜು ಕದಡಿ ಅವಲಕ್ಕಿ ನೆನೆಸಿದರೆ ಸೀಟಲ್ಲೇ ಗೊಜ್ಜವಲಕ್ಕಿ.

ಅರಸೀಕೆರೆಯ ಸದಸ್ಯ: ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿಕೊಂಡು ತಿಂದ್ರೆ ಎಲ್ಲ ಸಾಯುತ್ತೆ.

ಮೇಡಂ: ಬ್ಯಾಕ್ಟೀರಿಯಾ ಸಾಯಬಹುದು. ಈ ವಾಂತಿ ವಿಷ ಕುದಿಸಿದರೂ ಹೋಗಲ್ಲ.

ಬೇಲೂರಿನ ಸದಸ್ಯೆ: ಫಾರ್ವರ್ಡ್ ಬಂದಿದೆ ನೋಡಿ: “ಅನ್ನಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿ, ಡಬ್ಬಿಯಲ್ಲಿ ವೀಳ್ಯದೆಲೆ ಇಡಿ, 24 ಗಂಟೆ ಕೆಡಲ್ಲ.” 🙏

ಮೇಡಂ: ದಯವಿಟ್ಟು ಇದನ್ನ ಇನ್ಯಾರಿಗೂ ಕಳಿಸಬೇಡಿ. ಸೋಡಾ ಹುಳಿಯನ್ನೇ ಹೊಡೆದುಹಾಕುತ್ತೆ. ಅನ್ನವನ್ನು ಕಾಯ್ತಿರೋದೇ ಆ ಹುಳಿ! ವೀಳ್ಯದೆಲೆ ಊಟ ಆದ ಮೇಲೆ ಹಾಕ್ಕೊಳ್ಳಿ.

ಸಕಲೇಶಪುರದ ಸದಸ್ಯೆ: ಮೊಸರನ್ನ?

ಮೇಡಂ: ಆರಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು, ಒಂದು ಚಮಚ ಮೊಸರು. ಸೌತೆಕಾಯಿ, ಈರುಳ್ಳಿ ಬೇಡ. ರಾತ್ರಿ ಊಟಕ್ಕೆ ಮಾತ್ರ.

ಅರಸೀಕೆರೆಯ ಸದಸ್ಯ: ಇದೆಲ್ಲ ಅತಿ ಆಯ್ತು. ನಮ್ಮಜ್ಜಿ ಧರ್ಮಸ್ಥಳಕ್ಕೆ ಬುತ್ತಿ ಕಟ್ಟಿ ಮೂರು ದಿನ ಇಟ್ಕೊಳ್ತಿದ್ರು, ಯಾರಿಗೂ ಏನೂ ಆಗಿಲ್ಲ.

ಬೇಲೂರಿನ ಸದಸ್ಯೆ: ನಿಮ್ಮಜ್ಜಿ ಬುತ್ತಿಯಲ್ಲಿ ಹಸಿ ಕಾಯಿ ಇತ್ತಾ? ನಮ್ಮ ಕಡೆ ರೊಟ್ಟಿ, ಚಟ್ನಿಪುಡಿ ಕಟ್ತಿದ್ರು.

ಅರಸೀಕೆರೆಯ ಸದಸ್ಯ: ವೀಳ್ಯದೆಲೆ ಫಾರ್ವರ್ಡ್ ಮಾಡಿದವರು ನನಗೆ ಪಾಠ ಹೇಳೋದು ಬೇಡ.

ಬೇಲೂರಿನ ಸದಸ್ಯೆ: ನಾನು ತಿಳ್ಕೊಳ್ಳೋಕೆ ಹಾಕಿದ್ದು. ನಿಮ್ಮ ಥರ ವಾದಕ್ಕಲ್ಲ.

ಮೇಡಂ: ಇಬ್ಬರೂ ಸಾಕು. ಒಣಗಿದ ರೊಟ್ಟಿ, ಚಟ್ನಿಪುಡಿ ತಡೆಯುತ್ತೆ, ಅದರಲ್ಲಿ ನೀರಿನಂಶ ತೀರಾ ಕಮ್ಮಿ. ಅದನ್ನ ತಂದು ಅನ್ನಕ್ಕೆ ಹೋಲಿಸಬೇಡಿ.

ಆಲೂರಿನ ಸದಸ್ಯ: ಬಸ್ಸಿಗೆ ಹಿತಕಿದ ಬೇಳೆ ಸಾರು ತಗೊಂಡು ಹೋಗಬಹುದಾ?

ಮೇಡಂ: ಬೇಡ.

ಆಲೂರಿನ ಸದಸ್ಯ: ಫ್ಲಾಸ್ಕಲ್ಲಿ ಹಾಕಿದ್ರೆ?

ಮೇಡಂ: ಕುದಿಯೋದನ್ನೇ ತುಂಬಿ, ಕುಡಿಯುವಾಗಲೂ ನಾಲಿಗೆ ಸುಡೋ ಹಾಗಿದ್ರೆ ಸರಿ. ಬೆಚ್ಚಗಾಗಿದ್ರೆ ಚೆಲ್ಲಿ.

ಹಳೇಬೀಡಿನ ಸದಸ್ಯೆ: ಮೇಡಂ ಮೊಸರನ್ನ ಬೆಳಿಗ್ಗೆವರೆಗೂ ಇಡಬಹುದಾ?

ಮೇಡಂ: ಮೇಲೆ ಓದಿ.

ಹಾಸನದ ಗೃಹಿಣಿ: ಮೇಡಂ, ನಮ್ಮತ್ತೆಯವರೂ ಮಕ್ಕಳ ಡಬ್ಬಿಯಿಂದ ಎರಡು ತುತ್ತು ತಿಂದಿದ್ರು, ಅವರಿಗೇನೂ ಆಗಿಲ್ಲ. ಹಾಗಾದ್ರೆ ಬೇರೆ ಕಾರಣ ಇರಬಹುದಾ? ಮಕ್ಕಳು ದಾರಿಯಲ್ಲಿ ಸೌತೆಕಾಯಿ ಹೋಳೂ ತಿಂದಿದ್ರು.

ಮೇಡಂ: ಇರಬಹುದು. ಸೌತೆಕಾಯಿ ತಿಂದಿದ್ದು ಎಷ್ಟೊತ್ತಿಗೆ? ವಾಂತಿ ಆದ್ಮೇಲೆ ಭೇದಿಯೂ ಆಯ್ತಾ, ಜ್ವರ ಇತ್ತಾ? ಎರಡು ತುತ್ತಿಗೆ ದೊಡ್ಡವರಿಗೆ ಏನೂ ಆಗದೆ ಇರೋದೂ ಉಂಟು.

ಚನ್ನರಾಯಪಟ್ಟಣದ ಸದಸ್ಯ: ಊಟ ಸಿಗುತ್ತಾ ಇಲ್ವಾ ಅಂತ ಯಾರಾದ್ರೂ ಹೇಳ್ರಪ್ಪ.