ಅಪ್‌ಡೇಟ್: ಶಿರಸಿಯ ಹಾಳೆ ತಟ್ಟೆ ಲೋಡ್, ತಿದ್ದಿದ ಕ್ಷಮೆ ಪತ್ರ

ನನ್ನ ಪ್ರಶ್ನೆ: “ಹುಬ್ಬಳ್ಳಿಗೆ ಹಾಳೆ ತಟ್ಟೆ ತಡವಾಗಿ ಹೋಯಿತು. ಭಾವ ಬರೆದ ಕ್ಷಮೆ ಪತ್ರ ಜಗಳಕ್ಕೆ ನಿಂತ ಹಾಗಿದೆ. ಕರಾರಿನ ಹಕ್ಕು ಬಿಡದೆ ಹೇಗೆ ತಿದ್ದಲಿ?”

ಪತ್ರ ಕಳಿಸಿದೆವು. ಭಾವ ಬರೆದಿದ್ದು ಹೀಗಿತ್ತು: “ಮಳೆ ನಮ್ಮ ಕೈಲಿಲ್ಲ, ನೀವೇ ಸ್ಯಾಂಪಲ್ ತಡವಾಗಿ ಒಪ್ಪಿದ್ದು, ಆದರೂ ತೊಂದರೆಯಾಗಿದ್ದರೆ ಕ್ಷಮಿಸಿ.” ಆ “ಆಗಿದ್ದರೆ” ಮೊದಲು ತೆಗೆದೆ. ತೊಂದರೆ ಆಗಿದೆ, ಅಲ್ವಾ?

ಈಗ ಪತ್ರ ಹೀಗಿದೆ: “ಜೂನ್ 21ಕ್ಕೆ ಮಾಲು ತಲುಪಿತು. ಕರಾರಿನ ದಿನ ಜೂನ್ 10. ಸ್ಯಾಂಪಲ್ ಒಪ್ಪಿಗೆ 4 ದಿನ ತಡವಾದ್ದರಿಂದ, ಕರಾರಿನಂತೆ ಗಡುವು ಜೂನ್ 14 ಆಗುತ್ತದೆ. ಉಳಿದ 7 ದಿನದ ತಡ ನಮ್ಮದು. ಹಾಳೆ ಪೂರ್ತಿ ಒಣಗಿರಲಿಲ್ಲ, ಹಾಗೇ ಒತ್ತಿದ್ದರೆ ತಟ್ಟೆಗೆ ಬೂಸ್ಟು ಬರುತ್ತಿತ್ತು. ಆದರೆ ಅದನ್ನು ನಿಮಗೆ ಮೊದಲೇ ತಿಳಿಸಲಿಲ್ಲ. ಕ್ಷಮಿಸಿ. ವಾರಕ್ಕೆ 1% ಲೆಕ್ಕದ ಕಡಿತವನ್ನು ಈ ಬಿಲ್ಲಿನಲ್ಲೇ ಮಾಡಿದ್ದೇವೆ.”

ಭಾವನ ವಾದ ಆ 4 ದಿನದ ಮೇಲೇ ಇತ್ತು, ಅದು ಸರಿಯೇ, ಹಾಗಾಗಿ ಉಳಿಸಿಕೊಂಡೆ, ಆದರೆ “ನೀವೇ” ಅನ್ನೋದು ಬೇಡ, ತಾರೀಖು ಬರೆದರೆ ಸಾಕು. ಮಳೆಯನ್ನು ನೆಪವಾಗಿ ಬರೆಯಲಿಲ್ಲ, ಯಾಕಂದ್ರೆ ಕರಾರಿನಲ್ಲಿ ಮಳೆಗೆ ವಿನಾಯಿತಿಯೇ ಇಲ್ಲ.

ಗಿರಾಕಿ 7 ದಿನದ ಲೆಕ್ಕ ಒಪ್ಪಿದರು. ಮುಂದಿನ ಆರ್ಡರ್ ಬಗ್ಗೆ ಇನ್ನೂ ಏನೂ ಹೇಳಿಲ್ಲ.