ಪದಚರ್ಚೆ: ಎಲ್‌ಬಿಡಬ್ಲ್ಯು ಸ್ಲೈಡಿನಲ್ಲಿ ‘ನೇರ’ ಅಂದರೆ ಯಾವ ನೇರ?

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಮಕ್ಕಳ ಬೇಸಿಗೆ ಕ್ರಿಕೆಟ್ ಶಿಬಿರದಲ್ಲಿ ಈ ಸಲ ಸ್ಕೋರ್ ಬರೆಯಲು ತಂದೆತಾಯಿಯರನ್ನೇ ಕೂರಿಸಿದ್ದೇವೆ. ಅರ್ಧಕ್ಕರ್ಧ ಜನ ಕ್ರಿಕೆಟ್ ನೋಡಿದವರೇ ಅಲ್ಲ. ಅವರಿಗಾಗಿ ಎಲ್‌ಬಿಡಬ್ಲ್ಯು ಬಗ್ಗೆ ಐದು ಸ್ಲೈಡ್ ಮಾಡಿದೆ. ಒಂದಕ್ಕೆ ಒಂದೇ ಷರತ್ತು, ಒಂದೇ ಚಿತ್ರ: ನೋಬಾಲ್ ಅಲ್ಲ ತಾನೇ, ಚೆಂಡು ನೆಲಕ್ಕೆ ಎಲ್ಲಿ ಬಿತ್ತು, ಮೊದಲು ಬ್ಯಾಟಿಗೆ ತಾಗಿತೇ, ಮೈಗೆ ಎಲ್ಲಿ ಬಡಿಯಿತು, ಬಡಿಯದೆ ಇದ್ದಿದ್ದರೆ ಸ್ಟಂಪಿಗೆ ಹೋಗುತ್ತಿತ್ತೇ.

ತೊಡಕು ಬಂದದ್ದು ಎರಡನೆಯದರಲ್ಲೂ ನಾಲ್ಕನೆಯದರಲ್ಲೂ. ಎರಡನೆಯದರಲ್ಲಿ ‘ಚೆಂಡು ನೇರವಾಗಿ ಬಿದ್ದಿರಬೇಕು, ಇಲ್ಲವೇ ಆಫ್ ಕಡೆ ಬಿದ್ದಿರಬೇಕು’ ಎಂದು ಬರೆದಿದ್ದೆ. ನಾಲ್ಕನೆಯದರಲ್ಲಿ ‘ನೇರವಾಗಿ ಕಾಲಿಗೆ ಬಡಿದಿರಬೇಕು’. ಒಬ್ಬ ತಾಯಿ ಕೈಯೆತ್ತಿ, “ನೇರವಾಗಿ ಕಾಲಿಗೆ ಅಂದ್ರೆ ನೆಲಕ್ಕೆ ಬೀಳದೇ ಅಲ್ವಾ? ಹಾಗಾದ್ರೆ ಎರಡನೇ ಸ್ಲೈಡ್ ಯಾಕೆ?” ಅಂದರು. ಪಕ್ಕದಲ್ಲಿದ್ದವರು ನೇರ ಅಂದರೆ ತಿರುಗದೆ ಬರುವ ಚೆಂಡು ಎಂದುಕೊಂಡಿದ್ದರು. ಅವರ ಲೆಕ್ಕದಲ್ಲಿ ಸ್ಪಿನ್ನರಿಗೆ ಎಲ್‌ಬಿ ಸಿಗುವುದೇ ಇಲ್ಲ! ನಾನು ಹೇಳಹೊರಟದ್ದು ಎರಡೂ ಅಲ್ಲ. ಈ ತುದಿಯ ವಿಕೆಟ್ಟಿನಿಂದ ಆ ತುದಿಯ ವಿಕೆಟ್ಟಿನವರೆಗೆ ಅಷ್ಟೇ ಅಗಲದ ಒಂದು ಓಣಿ ಎಳೆದರೆ, ಅದರೊಳಗೆ. ಇದಕ್ಕೆ ಸರಿಯಾದ ಕನ್ನಡ ಏನು?

— ಶಿವಮೊಗ್ಗದಿಂದ

*

ಮೊದಲು ಹೆಸರೇ ಕನ್ನಡದಲ್ಲಿರಲಿ. ‘ಕಾಲಡ್ಡ’ ಎಂದರೆ ಮುಗಿಯಿತು. ಕಾಲು ಅಡ್ಡ ಇಟ್ಟ, ಔಟಾದ. ಐದು ಸ್ಲೈಡೂ ಬೇಡ. ಅಂದಹಾಗೆ ಆಫ್ ಸ್ಟಂಪಿನಿಂದ ಆಚೆ ಬಿದ್ದ ಚೆಂಡಿಗೆ ಎಲ್‌ಬಿ ಇಲ್ಲ ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ನಿಮ್ಮ ಎರಡನೇ ಸ್ಲೈಡೇ ತಪ್ಪಿರಬೇಕು, ನೋಡಿಕೊಳ್ಳಿ.

— ಧಾರವಾಡದಿಂದ

*

ಧಾರವಾಡದ ಹಿರಿಯರಿಗೆ ನಮಸ್ಕಾರ. ನಾನು ಲೀಗ್ ಪಂದ್ಯಗಳಿಗೆ ಅಂಪೈರ್ ಆಗಿ ನಿಂತವನು, ಅದಕ್ಕೇ ಎರಡು ಮಾತು. ನಿಮ್ಮ ತಂದೆಯವರು ಹೇಳಿದ್ದು ಒಂದು ಕಾಲಕ್ಕೆ ನಿಯಮವೇ. ಆಗ ಚೆಂಡು ಎರಡು ವಿಕೆಟ್ಟುಗಳ ನಡುವಿನ ಓಣಿಯಲ್ಲೇ ಬೀಳಬೇಕಿತ್ತು. 1935ರಲ್ಲಿ ಪ್ರಯೋಗಕ್ಕೆಂದು ಬದಲಿಸಿ, 1937ರಲ್ಲಿ ಖಾಯಂ ಮಾಡಿದರು. ಅಂದಿನಿಂದ ಆಫ್ ಆಚೆ ಬಿದ್ದು ಒಳಗೆ ಬಂದರೂ ಔಟ್. ಲೆಗ್ ಸ್ಟಂಪಿನ ಆಚೆ ಬಿದ್ದದ್ದಕ್ಕೆ ಮಾತ್ರ ಈಗಲೂ ಇಲ್ಲ.

‘ಕಾಲಡ್ಡ’ ಕೇಳಲು ಚೆಂದ, ಆದರೆ ಅಡ್ಡ ಬರುವುದು ಕಾಲೇ ಆಗಬೇಕಿಲ್ಲ. 1999ರ ಅಡಿಲೇಡ್ ಟೆಸ್ಟಿನಲ್ಲಿ ಮೆಕ್‌ಗ್ರಾ ಎಸೆದ ಚೆಂಡಿಗೆ ಸಚಿನ್ ತೆಂಡೂಲ್ಕರ್ ಬಗ್ಗಿದರು. ಬೌನ್ಸರ್ ಎಂದುಕೊಂಡಿದ್ದ ಚೆಂಡು ಮೇಲೇಳಲಿಲ್ಲ, ಭುಜಕ್ಕೆ ಬಡಿಯಿತು. ಅದಕ್ಕೂ ಎಲ್‌ಬಿಡಬ್ಲ್ಯುವೇ ಕೊಟ್ಟರು. ಆ ತೀರ್ಪಿನ ಬಗ್ಗೆ ಇವತ್ತಿಗೂ ಜಗಳ ಆಡುವವರಿದ್ದಾರೆ. ಆದರೆ ಜಗಳ ಚೆಂಡು ಸ್ಟಂಪಿಗೆ ಬೀಳುತ್ತಿತ್ತೋ ಮೇಲೆ ಹಾರುತ್ತಿತ್ತೋ ಎಂಬುದರ ಬಗ್ಗೆ, ಭುಜದ ಬಗ್ಗೆ ಅಲ್ಲ.

ಈಗ ಪದಕ್ಕೆ ಬರೋಣ. ‘ನೇರವಾಗಿ’ ಬಿಡಿ, ‘ನೇರಕ್ಕೆ’ ಎನ್ನಿ. “ಬಾಗಿಲ ನೇರಕ್ಕೆ ಮಂಚ ಹಾಕಬೇಡ” ಅಂತೀವಲ್ಲ, ಅದೇ ಅರ್ಥ. ‘ವಾಗಿ’ ಚಲನೆ ಹೇಳುತ್ತದೆ, ‘ಕ್ಕೆ’ ಜಾಗ ಹೇಳುತ್ತದೆ. ‘ವಿಕೆಟ್ಟಿನ ನೇರಕ್ಕೆ ಬಡಿಯಿತೇ?’ ಅಂದರೆ ಯಾರಿಗೂ ಗೊಂದಲ ಆಗದು.

ಎರಡನೇ ಸ್ಲೈಡಿನಲ್ಲಂತೂ ಆ ಪದವೇ ಬೇಡ. ಪ್ರಶ್ನೆಯನ್ನು ತಿರುಗಿಸಿ: ‘ಲೆಗ್ ಸ್ಟಂಪಿನ ಆಚೆ ಬಿತ್ತೇ? ಹೌದಾದರೆ ನಾಟೌಟ್.’ ನೇರಕ್ಕೆ ಬಿದ್ದದ್ದು, ಆಫ್ ಆಚೆ ಬಿದ್ದದ್ದು, ನೆಲಕ್ಕೇ ಬೀಳದ ಫುಲ್‌ಟಾಸ್ ಮೂರೂ ಒಂದೇ ಪ್ರಶ್ನೆಯಲ್ಲಿ ದಾಟಿಹೋಗುತ್ತವೆ. ನೀವು ಬರೆದ ಹಾಗಾದರೆ ಫುಲ್‌ಟಾಸ್ ಬಂದಾಗ ಸ್ಕೋರರ್ ಎರಡನೇ ಸ್ಲೈಡಿನಲ್ಲೇ ನಿಂತುಬಿಡುತ್ತಾರೆ, ಎಲ್ಲೂ ಬೀಳದ ಚೆಂಡಿಗೆ ಏನು ಉತ್ತರ ಕೊಡುತ್ತಾರೆ?

— ಮೈಸೂರಿನಿಂದ

*

ನಮ್ಮ ಕೇರಿಯಲ್ಲಿ ಎಲ್ಬಿನೇ ಇರಲಿಲ್ಲ, ಯಾಕಂದ್ರೆ ಅಂಪೈರ್ ಅಂದ್ರೆ ಬ್ಯಾಟಿಂಗ್ ಟೀಮಿನವನೇ. ಮೂರು ಸಲ ಕಾಲಿಗೆ ತಾಗಿದರೆ ಔಟು ಅಂತ ಮಾಡಿಕೊಂಡಿದ್ದೆವು. ಇದಕ್ಕೆ ‘ಮೂರ್ಕಾಲು’ ಅಂತಿದ್ವಿ. ಬೇರೆ ಊರಲ್ಲೂ ಈ ಪದ ಇದೆಯಾ?

ಓಣಿ ವಿಷಯ: ನಮ್ಮಪ್ಪ ಗಾರೆ ಕೆಲಸ. ಗೋಡೆ ಸಾಲಾಗಿ ಏಳಲಿ ಅಂತ ಎರಡು ಮೂಲೆಗೆ ಗೂಟ ಹೊಡೆದು ದಾರ ಕಟ್ತಾರೆ. ನಿಮ್ಮ ಚಿತ್ರದಲ್ಲೂ ಹಾಗೇ ಮಾಡಿ. ಆಫ್ ಸ್ಟಂಪಿನ ಹೊರ ಅಂಚಿಂದ ಒಂದು ದಾರ, ಲೆಗ್ ಸ್ಟಂಪಿನ ಹೊರ ಅಂಚಿಂದ ಒಂದು. ‘ಎರಡು ದಾರದ ನಡುವೆ’ ಅಂದ್ರೆ ಸಾಕಲ್ವಾ, ‘ನೇರ’ ಯಾಕೆ ಬೇಕು?

— ತುಮಕೂರಿನಿಂದ

*

ದಾರದ ಉಪಾಯ ಹಿಡಿಸಿತು. ನಿನ್ನೆ ಶಿಬಿರಕ್ಕೆ ಸುತಳಿ ತಂದು ಪಿಚ್ಚಿನ ಮೇಲೇ ಕಟ್ಟಿದೆವು. ವಿಕೆಟ್ಟಿನ ಅಗಲ 22.86 ಸೆಂಟಿಮೀಟರ್ ಎಂದು ಸ್ಲೈಡಿನಲ್ಲಿ ಹಾಕಿದ್ದೆ, ಯಾರಿಗೂ ಕಣ್ಣಿಗೆ ಕಟ್ಟಲಿಲ್ಲ. ದಾರಗಳ ನಡುವೆ ಕೈಯಿಟ್ಟು “ಒಂದು ಗೇಣು” ಎಂದಾಗ “ಇಷ್ಟೇನಾ!” ಅಂದರು. ಸ್ಲೈಡಿನಲ್ಲೂ ಈಗ ‘ಒಂದು ಗೇಣಿನ ಓಣಿ’ ಎಂದೇ ಬರೆದಿದ್ದೇನೆ, ‘ನೇರಕ್ಕೆ’ ಎಂಬುದು ಓದಿ ಹೇಳುವಾಗ ಬಾಯಲ್ಲಿರುತ್ತದೆ. ‘ಮೂರ್ಕಾಲು’ ನಮ್ಮಲ್ಲಿ ಕೇಳಿಲ್ಲ.

ಹೊಸ ಸ್ಲೈಡುಗಳನ್ನು ಒಂದು ಚೆಂಡಿನ ಮೇಲೆ ಪರೀಕ್ಷಿಸಿದೆವು. ಬಲಗೈ ಬ್ಯಾಟರ್, ಆಫ್ ಸ್ಪಿನ್ನರ್. ಚೆಂಡು ಆಫ್ ದಾರದಿಂದ ಒಂದು ಗೇಣು ಆಚೆ ಬಿದ್ದು, ಒಳಕ್ಕೆ ತಿರುಗಿ, ಮುಂದೆ ಚಾಚಿದ ಪ್ಯಾಡಿಗೆ ಬಡಿಯಿತು. ಬಡಿದಾಗ ಇನ್ನೂ ದಾರದ ಹೊರಗೇ ಇತ್ತು, ಆದರೆ ಬಿಟ್ಟಿದ್ದರೆ ಮಧ್ಯದ ಸ್ಟಂಪಿಗೇ. ನೋಬಾಲ್ ಅಲ್ಲ, ಲೆಗ್ ಆಚೆ ಬಿದ್ದಿಲ್ಲ, ಬ್ಯಾಟಿಗೆ ತಾಗಿಲ್ಲ. ನಾಲ್ಕನೆಯದರಲ್ಲಿ ಎಲ್ಲರೂ “ಓಣಿಯ ಹೊರಗೆ, ನಾಟೌಟ್” ಅಂದರು. ಅಲ್ಲಿಗೆ ಸರಿ, ಬ್ಯಾಟರ್ ಚೆಂಡನ್ನು ಆಡಲು ಹೋಗಿದ್ದರೆ. ಆದರೆ ಈ ಹುಡುಗ ಬ್ಯಾಟನ್ನು ಪ್ಯಾಡಿನ ಹಿಂದೆ ಅಡಗಿಸಿಟ್ಟು ಕಾಲನ್ನಷ್ಟೇ ಕೊಟ್ಟಿದ್ದ. ಆಗ ಆಫ್ ದಾರದ ಹೊರಗೆ ಬಡಿದರೂ ಔಟ್. ಹಾಗಾಗಿ ನಾಲ್ಕನೆಯದನ್ನು ಒಡೆದು ಆರು ಸ್ಲೈಡ್ ಮಾಡಬೇಕಾಯಿತು. ಕೊನೆಯದಕ್ಕೆ ಮೇಲಿಂದ ನೋಡಿದ ಚಿತ್ರ ಸಾಲದು, ಚೆಂಡು ಬೇಲ್ಸ್ ಮೇಲೆ ಹಾರುವುದು ಅದರಲ್ಲಿ ಕಾಣುವುದೇ ಇಲ್ಲ. ಪಕ್ಕದಿಂದ ನೋಡಿದಂತೆ ಬರೆದೆ.

ಹೊಸ ಸ್ಲೈಡಿಗೆ ‘ಹೊಡೆಯಲು ಯತ್ನಿಸಿದನೇ?’ ಎಂದು ಬರೆದಿದ್ದೇನೆ. ಸರಿಯೇ?

— ಶಿವಮೊಗ್ಗದಿಂದ

*

ಸರಿಯಲ್ಲ. ತಡೆಯಲು ಬ್ಯಾಟ್ ತಂದರೂ ಅದು ಯತ್ನವೇ. ‘ಹೊಡೆಯಲು’ ಎಂದರೆ ಡಿಫೆನ್ಸ್ ಆಡಿದವನನ್ನೆಲ್ಲ ನಿಮ್ಮ ಸ್ಕೋರರುಗಳು ಔಟ್ ಮಾಡುತ್ತಾರೆ. ‘ಬ್ಯಾಟಿನಿಂದ ಆಡಲು’ ಎನ್ನಿ.

ಇನ್ನೊಂದು: ಎಡಗೈ ಹುಡುಗ ಬಂದರೆ ಆಫ್ ದಾರ, ಲೆಗ್ ದಾರ ಅದಲುಬದಲು. ಅದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಬಾಯಲ್ಲಿ ಹೇಳಿದರೆ ತಲೆ ತಿರುಗುತ್ತದೆ.

— ಮೈಸೂರಿನಿಂದ

*

ಆಯಿತು, ‘ಕಾಲಡ್ಡ’ ಹಿಂದಕ್ಕೆ ತೆಗೆದುಕೊಂಡೆ. ‘ಮೈಯಡ್ಡ’ ಎನ್ನಬಹುದೇನೋ! ಆದರೆ ಒಂದು ಸಂಶಯ. ಕೆಲವರು ಪ್ಯಾಡನ್ನೇ ಮುಂದಿಟ್ಟು, ಆಡಿದ ಹಾಗೆ ಕಾಣಲಿ ಅಂತ ಪಕ್ಕದಲ್ಲೇ ಬ್ಯಾಟನ್ನು ತರುತ್ತಾರೆ. ಅದು ಯತ್ನವೋ ನಾಟಕವೋ? ನಿಯಮ ಕೇಳುವುದು ಪ್ರಾಮಾಣಿಕ ಯತ್ನ ತಾನೇ? ಸ್ಲೈಡಿನಲ್ಲಿ ‘ನಿಜಕ್ಕೂ ಆಡಲು’ ಎಂದು ಹಾಕಬೇಕು.

— ಧಾರವಾಡದಿಂದ

*

‘ನಿಜಕ್ಕೂ’ ಬೇಕು, ಒಪ್ಪಿದೆ. ಆದರೆ ಅದನ್ನು ಚಿತ್ರದಲ್ಲಿ ಹೇಗೆ ಬರೆಯುವುದು? ಪ್ಯಾಡಿನ ಹಿಂದೆ ಬ್ಯಾಟ್ ಇರುವ ಒಂದು, ಮುಂದೆ ಇರುವ ಒಂದು ಬರೆದಿದ್ದೇನೆ. ಪಕ್ಕದಲ್ಲಿ ಇರುವುದನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ಯಾರಿಗಾದರೂ ಹೊಳೆದರೆ ತಿಳಿಸಿ, ಭಾನುವಾರ ಮತ್ತೆ ಪಂದ್ಯ ಇದೆ.

— ಶಿವಮೊಗ್ಗದಿಂದ