ಪ್ರಶ್ನೋತ್ತರ: ಮೆನು ಕಾರ್ಡಿನಲ್ಲಿ ರೇಟು ಸಾಲಾಗಿ ನಿಲ್ಲುತ್ತಿಲ್ಲ

ಮಾಟುಂಗದ ಹೋಟೆಲಿನವರು: ಸರ್, ವರ್ಡ್‌ನಲ್ಲಿ ಮೆನು ಮಾಡಿದೆ. ಐಟಮ್ ಹೆಸರು ಬರೆದು, ಚುಕ್ಕಿ ಒತ್ತುತ್ತಾ ಹೋಗಿ ರೇಟು ಹಾಕಿದೆ. ಪ್ರೆಸ್ಸಿನಿಂದ ಬಂದಾಗ ರೇಟೆಲ್ಲ ಹಿಂದೆ ಮುಂದೆ. ಕೆಲವಕ್ಕೆ ಹಾಫ್, ಫುಲ್ ಎರಡು ರೇಟಿವೆ. ಏನು ಮಾಡಲಿ?

ದಾದರಿನ ಡಿಸೈನರ್: ಕೈಯಲ್ಲಿ ಒತ್ತಿದ ಚುಕ್ಕಿ ಮಾಮೂಲಿ ಫಾಂಟಿನಲ್ಲಿ ಸಾಲಿಗೆ ನಿಲ್ಲುವುದಿಲ್ಲ. ಒಂದೊಂದು ಅಕ್ಷರದ ಅಗಲ ಬೇರೆ. ಪ್ರೆಸ್ಸಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಇನ್ನೂ ಕೆಡುತ್ತದೆ, ಅದಕ್ಕೇ ಪಿಡಿಎಫ್ ಕೊಡಿ. ಚುಕ್ಕಿಯನ್ನೆಲ್ಲ ಅಳಿಸಿ. ಎ5 ಹಾಳೆ, ಎರಡೂ ಕಡೆ 12 ಮಿ.ಮೀ. ಮಾರ್ಜಿನ್ ಅಂತ ಇಟ್ಟುಕೊಳ್ಳಿ, ಬರೆಯಲು 12.4 ಸೆಂ.ಮೀ. ಸಿಗುತ್ತದೆ. ಐಟಮ್‌ಗಳನ್ನು ಸೆಲೆಕ್ಟ್ ಮಾಡಿ `Paragraph` ಒಳಗೆ `Tabs` ತೆರೆಯಿರಿ. ಹಾಫ್‌ಗೆ 10 ಸೆಂ.ಮೀ., `Right`, ಲೀಡರ್ ಅಂದರೆ ನಡುವಿನ ಚುಕ್ಕಿಗೆ `2`, ಆಮೇಲೆ `Set` ಒತ್ತಿ. ಫುಲ್‌ಗೆ 12.4, `Right`, ಲೀಡರ್ `1 None`, ಮತ್ತೆ `Set`, ಕೊನೆಗೆ `OK`. ಈಗ ಹೆಸರು, ಟ್ಯಾಬ್, ಹಾಫ್, ಟ್ಯಾಬ್, ಫುಲ್. 90 ಇರಲಿ 120 ಇರಲಿ, ಕೊನೆಯ ಅಂಕಿ ಒಂದೇ ಗೆರೆಗೆ ಬರುತ್ತದೆ.

ತೊಂದರೆ ಬರುವುದು ಒಂದೇ ರೇಟಿನ ಐಟಮ್‌ನಲ್ಲಿ. ಒಂದೇ ಟ್ಯಾಬ್ ಒತ್ತಿದರೆ ಆ ರೇಟು ಹಾಫ್ ಕಾಲಮ್ಮಿಗೆ ಹೋಗಿ ಕೂರುತ್ತದೆ, ಗಿರಾಕಿ ಜಗಳಕ್ಕೆ ಬರುತ್ತಾನೆ. ಹಾಫ್ ಜಾಗದಲ್ಲಿ ಒಂದು ಸಣ್ಣ ಗೆರೆ ಹಾಕಿ ಮುಂದಿನ ಟ್ಯಾಬ್ ಒತ್ತಿ. ಹೆಸರು ಉದ್ದ ಇದ್ದರೆ ಮಧ್ಯದಲ್ಲಿ `Shift+Enter` ಒತ್ತಿ ಮುರಿಯಿರಿ, ಚುಕ್ಕಿ ಎರಡನೇ ಸಾಲಿನಿಂದ ಹೊರಡಲಿ.

ಹೆಸರು ಮಾತ್ರ ಬೋಲ್ಡ್ ಇರಲಿ. ಟ್ಯಾಬ್ ಕೂಡ ಬೋಲ್ಡ್ ಆದರೆ ಚುಕ್ಕಿ ದಪ್ಪಗಾಗಿ ಪುಟವೆಲ್ಲ ಚುಕ್ಕಿಯೇ ಕಾಣುತ್ತದೆ. ಟ್ಯಾಬನ್ನಷ್ಟೇ ಸೆಲೆಕ್ಟ್ ಮಾಡಿ ಬೂದು ಬಣ್ಣ ಕೊಡಿ. ವಿಭಾಗದ ಹೆಸರು 14 ಪಾಯಿಂಟ್, ಐಟಮ್ 11, ವಿವರಣೆ 9 ಸಾಕು. ಮೊದಲು ವಿಭಾಗ, ಆಮೇಲೆ ಐಟಮ್, ಕೊನೆಗೆ ರೇಟು, ಕಣ್ಣು ಹೀಗೇ ಇಳಿಯಬೇಕು.

ಪುಣೆಯ ಸದಸ್ಯ: ಅಷ್ಟೆಲ್ಲ ಯಾಕೆ? ಕೊರಿಯರ್ ಫಾಂಟ್ ಹಾಕಿ, ಚುಕ್ಕಿ ಒತ್ತಿದರೂ ಸರಿ ನಿಲ್ಲುತ್ತದೆ.

ಡಿಸೈನರ್: ಇಂಗ್ಲಿಷ್ ಮೆನುವಾದರೆ ನಿಲ್ಲುತ್ತದೆ ನಿಜ, ಅದರಲ್ಲಿ ಎಲ್ಲ ಅಕ್ಷರದ ಅಗಲ ಒಂದೇ. ಆದರೆ ಜಾಗ ಜಾಸ್ತಿ ತಿನ್ನುತ್ತದೆ, ಬೋಲ್ಡ್ ಮಾಡಿದರೂ ಹೆಸರು ಎದ್ದು ಕಾಣುವುದಿಲ್ಲ. ರೇಟು ಎರಡಂಕಿಯಿಂದ ಮೂರಂಕಿಗೆ ಹೋದಾಗಲೆಲ್ಲ ಮತ್ತೆ ಚುಕ್ಕಿ ಎಣಿಸಬೇಕು.

ಪಣಜಿಯ ಸದಸ್ಯೆ: ನಮ್ಮ ಕಾರ್ಡಲ್ಲೂ ರೇಟು ಸಾಲಿಗಿಲ್ಲ ಸರ್, ಸ್ಪೇಸ್ ಎಷ್ಟು ಕೊಡಲಿ?

ಡಿಸೈನರ್: ಸ್ಪೇಸ್ ಬೇಡ. ಮೇಲೆ ಬರೆದಿದ್ದೇನೆ, ಓದಿ.

ಘಾಟ್ಕೋಪರಿನ ಸದಸ್ಯ: ಒಂದು ಫಾರ್ವರ್ಡ್ ಬಂದಿದೆ. ಚುಕ್ಕಿ, ರೂಪಾಯಿ ಚಿಹ್ನೆ ಎರಡೂ ತೆಗೆದರೆ ಗಿರಾಕಿ ರೇಟು ನೋಡದೆ ಜಾಸ್ತಿ ಆರ್ಡರ್ ಮಾಡುತ್ತಾನಂತೆ.

ಡಿಸೈನರ್: ಇಂಥದ್ದನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಚಿಹ್ನೆ ಪ್ರತಿ ಸಾಲಿಗೂ ಬೇಡ, ಅದು ಸರಿ. ಆದರೆ ಊಟದ ಹೊತ್ತಿನ ರಶ್‌ನಲ್ಲಿ ರೇಟು ಹುಡುಕುವಂತೆ ಮಾಡಿದರೆ ವೇಟರ್‌ಗೇ ಪ್ರಶ್ನೆ ಬೀಳುತ್ತದೆ.

ಪುಣೆಯ ಸದಸ್ಯ: ದೊಡ್ಡ ಹೋಟೆಲುಗಳಲ್ಲಿ ಹೆಸರಿನ ಪಕ್ಕದಲ್ಲೇ ರೇಟು ಇರುತ್ತದೆ, ಚುಕ್ಕಿ ಇಲ್ಲ.

ಘಾಟ್ಕೋಪರಿನ ಸದಸ್ಯ: ಅದನ್ನೇ ನಾನು ಹೇಳಿದ್ದು!

ಪುಣೆಯ ಸದಸ್ಯ: ನೀವು ಹೇಳಿದ್ದು ರೇಟು ಮುಚ್ಚಿಡೋದು. ಎರಡೂ ಒಂದೇನಾ?

ಠಾಣೆಯ ಸದಸ್ಯ: ಲ್ಯಾಮಿನೇಷನ್ ಮ್ಯಾಟ್ ಒಳ್ಳೆಯದಾ, ಗ್ಲಾಸಿಯಾ?

ಘಾಟ್ಕೋಪರಿನ ಸದಸ್ಯ: ಇಪ್ಪತ್ತು ವರ್ಷದಿಂದ ಹೋಟೆಲ್ ನಡೆಸ್ತಿದ್ದೇನೆ, ನನಗೆ ಕಲಿಸಬೇಡಿ.

ಡಿಸೈನರ್: ಜಗಳ ಬೇರೆ ಕಡೆ ಮಾಡಿ. ಮಾಟುಂಗದವರೇ, ಪ್ರೆಸ್ಸಿಗೆ ಕೊಡುವ ಮುಂಚೆ ಒಂದು ಪುಟ ಪ್ರಿಂಟ್ ತೆಗೆದು, ರೇಟಿನ ಬಲಕ್ಕೆ ಸ್ಕೇಲ್ ಇಟ್ಟು ನೋಡಿ. ಸ್ಕೇಲಿಗೆ ತಾಗದ ಸಾಲಿನಲ್ಲಿ ಟ್ಯಾಬ್ ಬದಲು ಸ್ಪೇಸ್ ಉಳಿದಿರಬಹುದು.